ದೂರದ ಪಯಣ, ಹಿರಿಯರ ಕಂಠ, ಹಳೆಯ ಚಿತ್ರಗೀತೆ

ವಯೋವೃದ್ಧ ತಂದೆತಾಯಿಯರನ್ನು ಕಾರಿನಲ್ಲಿ ದೂರದ ಊರಿಗೆ ಕರೆದೊಯ್ಯಲು ಸಿದ್ಧರಾಗುವ ಮಕ್ಕಳು ವೈದ್ಯರ ಬಳಿಗೆ ಬಂದಾಗ ಸಾಮಾನ್ಯವಾಗಿ ಕೇಳುವುದು ಮೊಣಕಾಲ ನೋವು, ವಾಂತಿ, ಮಾತ್ರೆಗಳ ವೇಳೆ, ಊಟದ ಪಥ್ಯ ಇಷ್ಟನ್ನೇ. ಹಾಡಿನ ವಿಷಯವನ್ನು ಕೇಳುವವರು ವಿರಳ. ಆದರೆ ನಮ್ಮ ಹಿರಿಯರಲ್ಲಿ ಅನೇಕರು ಪಯಣದ ಉದ್ದಕ್ಕೂ ಹಾಡುವವರೇ ಆಗಿದ್ದಾರೆ. ಕಾರು ಊರು ದಾಟುವುದಷ್ಟೇ ತಡ, ರಾಜಕುಮಾರ್ ಅವರ ಚಿತ್ರದ ಹಾಡೊಂದು ಮೊಳಗಿದರೆ ಹಿಂದಿನ ಆಸನದಲ್ಲಿ ಕುಳಿತವರು ದನಿಗೂಡಿಸುತ್ತಾರೆ. ಎಂಟು ಗಂಟೆಗಳ ಪಯಣದಲ್ಲಿ ಎಪ್ಪತ್ತು ದಾಟಿದ ಕಂಠವೂ ಶ್ವಾಸವೂ ಎಷ್ಟನ್ನು ತಾಳಬಲ್ಲವು, ಅದಕ್ಕೆ ಯಾವ ಹಾಡು ಹೊಂದುತ್ತದೆ, ಯಾವುದು ಹೊಂದದು ಎಂಬುದು ಯೋಚಿಸಿ ನಿರ್ಧರಿಸಬೇಕಾದ ಸಂಗತಿ.

ಕಳೆದ ವರ್ಷ ನನ್ನ ಚಿಕಿತ್ಸಾಲಯಕ್ಕೆ ಬಂದ ದಂಪತಿಗಳ ಪ್ರಸಂಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ತಂದೆಗೆ 78 ವರ್ಷ. ರಕ್ತದೊತ್ತಡವಿದ್ದು, ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನೂ ಸೇವಿಸುತ್ತಿದ್ದರು. ತಾಯಿಗೆ 72, ಚಳಿಗಾಲದಲ್ಲಿ ತುಸು ಉಬ್ಬಸ. ಮೂಲತಃ ಇಳಕಲ್ಲಿನ ಕಡೆಯವರಾದ ಇವರು ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮಗ ಇವರನ್ನು ಕೂಡಲಸಂಗಮಕ್ಕೆ ಕರೆದೊಯ್ದಿದ್ದ. ಮೊಬೈಲಿನಲ್ಲಿ ದೊರೆತ ಪ್ರಸಿದ್ಧ ಗೀತೆಗಳ ಪಟ್ಟಿಯೊಂದನ್ನು ಹಚ್ಚಿ ಬಿಟ್ಟಿದ್ದ. ನೆಲಮಂಗಲ ದಾಟಿದ ಮೇಲೆ ಇಬ್ಬರೂ ಉತ್ಸಾಹದಿಂದ ಹಾಡತೊಡಗಿದರು. ಶಿರಾ ಬರುವಷ್ಟರಲ್ಲಿ ತಾಯಿಗೆ ಒಣಕೆಮ್ಮು, ಚಿತ್ರದುರ್ಗದ ಹೊತ್ತಿಗೆ ತಂದೆಯ ದನಿ ಒಡೆದು ಮಾತೇ ಹೊರಡದಾಯಿತು. ಕ್ಷೇತ್ರವನ್ನು ತಲುಪಿದ ಮೇಲೆ ಸಂಗಮನಾಥನ ಸನ್ನಿಧಿಯಲ್ಲಿ ಒಂದು ವಚನವನ್ನು ಹೇಳಲೂ ಆಗಲಿಲ್ಲವೆಂಬುದು ಆ ತಾಯಿಯ ಕೊರಗು. "ಹಾಡು ಬ್ಯಾಡ ಅಂತ ಬರದು ಕೊಟ್ಟೀರಿ ಡಾಕ್ಟ್ರೇ" ಎಂದು ಮೊದಲೇ ಎಚ್ಚರಿಸಿದರು. ಬರುವ ತಿಂಗಳು ಮತ್ತೊಮ್ಮೆ ಅದೇ ದಾರಿಯಲ್ಲಿ ಹೋಗಬೇಕಾಗಿತ್ತು.

ಹಾಡಬೇಡಿ ಎಂದು ನಾನು ಬರೆದುಕೊಡಲಿಲ್ಲ. ಅದಕ್ಕೆ ಶಾಸ್ತ್ರದ ಆಧಾರವೂ ಇದೆ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಉದಾನವಾಯುವಿನ ಸ್ಥಾನ ಎದೆಯೆಂದೂ, ಅದು ಮೂಗು, ನಾಭಿ, ಕಂಠಗಳಲ್ಲಿ ಸಂಚರಿಸುವುದೆಂದೂ ಹೇಳುತ್ತಾರೆ. ಮಾತು, ಪ್ರಯತ್ನ, ಬಲ, ವರ್ಣ ಇವುಗಳ ಜೊತೆಗೆ ಸ್ಮೃತಿಯನ್ನೂ ಇದೇ ಉದಾನದ ಕಾರ್ಯವೆಂದು ಎಣಿಸುತ್ತಾರೆ. ಮಾತೂ ನೆನಪೂ ಒಂದೇ ವಾಯುವಿನ ಅಧೀನ ಎಂಬ ಈ ಮಾತು ಹಾಡುವ ಹಿರಿಯರನ್ನು ಕಂಡಾಗಲೆಲ್ಲ ನನಗೆ ನೆನಪಾಗುತ್ತದೆ. ಬೆಳಗಿನ ತಿಂಡಿ ಏನೆಂಬುದನ್ನು ಮರೆತವರು ಐವತ್ತು ವರ್ಷದ ಹಿಂದಿನ ಹಾಡಿನ ಮೂರು ಚರಣಗಳನ್ನೂ ತಪ್ಪಿಲ್ಲದೆ ಹಾಡುತ್ತಾರೆ. ಆದರೆ ವಾರ್ಧಕ್ಯವು ವಾತಪ್ರಧಾನ ಕಾಲ. ಪಯಣದ ಅಲುಗಾಟ, ಗಾಳಿ, ಹೊತ್ತು ಮೀರಿದ ಊಟ ಇವೆಲ್ಲ ವಾತವನ್ನು ಇನ್ನಷ್ಟು ಕೆರಳಿಸುತ್ತವೆ. ಅದರ ಮೇಲೆ ಕೂಗಿ ಹಾಡುವುದೂ ಸೇರಿದರೆ ಕಂಠ ಸೋಲುತ್ತದೆ.

ಆಧುನಿಕ ವೈದ್ಯವು ಇದನ್ನೇ ಬೇರೆ ರೀತಿಯಲ್ಲಿ ವಿವರಿಸುತ್ತದೆ. ವಯಸ್ಸಾದಂತೆ ಸ್ವರತಂತುಗಳು ತೆಳುವಾಗಿ, ಅವುಗಳ ಮೇಲಿನ ಜಿಗುಟು ತೇವ ಕಡಿಮೆಯಾಗುತ್ತದೆ. ಪುಪ್ಪುಸಗಳ ಹಿಗ್ಗುವ ಕುಗ್ಗುವ ಶಕ್ತಿ ಇಳಿಯುತ್ತದೆ. ಸ್ತ್ರೀಯರ ದನಿ ಮುಟ್ಟು ನಿಂತ ಮೇಲೆ ಕ್ರಮೇಣ ತಗ್ಗುತ್ತದೆ. ಪುರುಷರಲ್ಲಿ ಇಳಿವಯಸ್ಸಿಗೆ ಅದು ತುಸು ಏರಿ, ತೆಳುವಾಗುವುದುಂಟು. ಎಂದರೆ, ಇಪ್ಪತ್ತರ ಹರೆಯದಲ್ಲಿ ಎಸ್. ಜಾನಕಿಯವರ ಹಾಡನ್ನು ಅವರದೇ ಶ್ರುತಿಯಲ್ಲಿ ಹಾಡುತ್ತಿದ್ದ ತಾಯಿ ಇಂದು ಅದೇ ಧ್ವನಿಮುದ್ರಣಕ್ಕೆ ದನಿಗೂಡಿಸಿದಾಗ, ಆಕೆಯ ಕಂಠ ತನ್ನ ಮಿತಿಯನ್ನು ಮೀರಿ ಎಳೆಯಲ್ಪಡುತ್ತದೆ. ಹಾಡು ಬದಲಾಗಿಲ್ಲ, ಕಂಠ ಬದಲಾಗಿದೆ. ಹಿರಿಯರಿಗಾಗಿ ಪಟ್ಟಿ ಮಾಡುವಾಗ ಹಾಡಿನ ಪ್ರಸಿದ್ಧಿಗಿಂತ ಅದರ ಶ್ರುತಿಯನ್ನೂ ಸಾಲಿನ ಉದ್ದವನ್ನೂ ಮೊದಲು ನೋಡಬೇಕಾದುದು ಇದಕ್ಕಾಗಿಯೇ.

ಆ ದಂಪತಿಗಳನ್ನು ಕೂರಿಸಿಕೊಂಡು ನಾವು ಮಾಡಿದ್ದು ಸರಳವಾದ ಪರೀಕ್ಷೆ. ಮೊದಲು, ಯಾವ ವಾದ್ಯವೂ ಇಲ್ಲದೆ ತಮಗಿಷ್ಟವಾದ ಹಾಡನ್ನು ತಾವಾಗಿ ಎತ್ತಿಕೊಳ್ಳುವಂತೆ ಹೇಳಿದೆ. ತಾಯಿ 'ಎರಡು ಕನಸು' ಚಿತ್ರದಲ್ಲಿ ಜಾನಕಿಯವರು ಹಾಡಿದ ಪೂಜೆಯ ಹಾಡನ್ನು ಎತ್ತಿಕೊಂಡರು. ಆನಂತರ ಮೊಬೈಲಿನಲ್ಲಿ ಅದೇ ಹಾಡನ್ನು ಹಚ್ಚಿದೆವು. ಅವರ ಶ್ರುತಿಗೂ ಮೂಲದ ಶ್ರುತಿಗೂ ಹಾರ್ಮೋನಿಯಂನಲ್ಲಿ ಎಣಿಸಿದರೆ ಬಿಳಿ ಕರಿ ಸೇರಿ ಐದು ಮನೆಗಳಷ್ಟು ಅಂತರವಿತ್ತು. "ನನ್ನಷ್ಟಕ್ಕೆ ಅಂದ್ರ ಹಗೂರ ಬರತೈತಿ, ಅದರ ಕೂಡ ಅನ್ನಾಕ ಹೋದ್ರ ಮ್ಯಾಲ ಜಗ್ಗತೈತಿ ನೋಡ್ರಿ" ಎಂದು ಅವರೇ ನಕ್ಕರು. ಮನೆಯಲ್ಲಿ ಯಾರಾದರೂ ಇದನ್ನು ಗುರುತಿಸಬಹುದಾದ ಉಪಾಯವೊಂದಿದೆ. ಚರಣದಲ್ಲಿ ಬರುವ ಅತಿ ಎತ್ತರದ ಸಾಲನ್ನು ಮೆಲುದನಿಯಲ್ಲಿ ಹಾಡಲು ಹೇಳಿರಿ. ಮೆಲ್ಲಗೆ ಹಾಡಲಾಗದೆ, ಕೂಗಿದರೆ ಮಾತ್ರ ಆ ಸ್ವರ ಹಿಡಿಯುತ್ತದೆಯೆಂದರೆ, ಅಥವಾ ಗದ್ದ ಮೇಲಕ್ಕೆ ಹೋಗಿ ಕೊರಳ ನರಗಳು ಉಬ್ಬುತ್ತವೆಯೆಂದರೆ, ಆ ಹಾಡು ಅವರ ಶ್ರುತಿಗೆ ಎತ್ತರವಾಯಿತೆಂದು ತಿಳಿಯಬೇಕು.

ಎರಡನೆಯದು ಶ್ವಾಸದ ಅಳತೆ. ಆರಾಮವಾಗಿ ಉಸಿರು ತೆಗೆದುಕೊಂಡು, ಒಂದೇ ಉಸಿರಿನಲ್ಲಿ ಸಾಮಾನ್ಯ ಮಾತಿನ ವೇಗದಲ್ಲಿ ಒಂದರಿಂದ ಎಣಿಸುತ್ತ ಹೋಗಬೇಕು. ತಂದೆ 24ರವರೆಗೆ ಎಣಿಸಿದರು, ತಾಯಿ 16ಕ್ಕೆ ನಿಂತರು. ನನ್ನ ಅನುಭವದಲ್ಲಿ ಇಪ್ಪತ್ತು ದಾಟುವವರು ಹಳೆಯ ಚಿತ್ರಗೀತೆಗಳಲ್ಲಿ ಬಹುಪಾಲನ್ನು ನಿರಾಯಾಸವಾಗಿ ಹಾಡಬಲ್ಲರು. ಹದಿನೈದರ ಆಸುಪಾಸಿನವರಿಗೆ ಸಾಲು ಚಿಕ್ಕದಾಗಿರುವ ಹಾಡುಗಳು ಬೇಕು. ಹತ್ತನ್ನೂ ಮುಟ್ಟಲಾಗದವರು ಹಾಡಿನ ಪಟ್ಟಿಗಿಂತ ಮೊದಲು ಎದೆಯ ತಪಾಸಣೆ ಮಾಡಿಸಿಕೊಳ್ಳಬೇಕು. ಅಂಥವರಿಗೆ ದೂರಪ್ರಯಾಣವೇ ಸಲ್ಲುವುದೋ ಇಲ್ಲವೋ ಎಂಬುದನ್ನು ತಮ್ಮ ವೈದ್ಯರಲ್ಲಿ ಕೇಳಿ ತಿಳಿಯತಕ್ಕದ್ದು.

ಇಲ್ಲಿ ಹಳೆಯ ಹಾಡುಗಳ ರಚನೆಯೇ ನಮಗೆ ನೆರವಾಗುತ್ತದೆ. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಹಾಡು ಮಾತ್ರ ಹಿಡಿಯುತ್ತಿದ್ದುದರಿಂದ ಚಿತ್ರಗೀತೆಗಳು ಆ ಅಳತೆಗೆ ಒಗ್ಗಿಕೊಂಡವು. ತಟ್ಟೆ ಬದಲಾದ ಮೇಲೂ ಆ ರೂಢಿ ಬಹುಕಾಲ ಉಳಿಯಿತು. ಪಲ್ಲವಿ, ಅನಂತರ ವಾದ್ಯಗಳ ತುಣುಕು, ಚರಣ, ಮತ್ತೆ ವಾದ್ಯ ಎಂಬ ಈ ಕ್ರಮದಲ್ಲಿ ವಾದ್ಯದ ಭಾಗವು ಹಾಡುವ ಹಿರಿಯರಿಗೆ ಉಸಿರು ತೆಗೆದುಕೊಳ್ಳುವ ತಾಣ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ ಇವರ ಹಾಡುಗಳಲ್ಲಿ ವಾದ್ಯದ ಭಾಗವೂ ಹಾಡಿನಷ್ಟೇ ಕಂಠಸ್ಥವಾಗಿರುವುದರಿಂದ, ಹಿರಿಯರು ಆ ಹೊತ್ತಿನಲ್ಲಿ ಸುಮ್ಮನೆ ತಲೆದೂಗುತ್ತಾರೆ. ಅಷ್ಟರಲ್ಲಿ ಶ್ವಾಸ ಸಮಸ್ಥಿತಿಗೆ ಬಂದಿರುತ್ತದೆ.

ಯಾವ ವರ್ಷಗಳ ಹಾಡುಗಳೆಂಬುದೂ ಮುಖ್ಯ. ಮನುಷ್ಯನಿಗೆ ಹತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಕೇಳಿದ ಹಾಡುಗಳೇ ಆಳವಾಗಿ ಉಳಿಯುತ್ತವೆ. 78ರ ತಂದೆಗೆ ಅದು ಹೆಚ್ಚುಕಡಿಮೆ 1957ರಿಂದ 1972ರ ಕಾಲ, ತಾಯಿಗೆ 1963ರಿಂದ 1978ರದು. ಮಗ ಹಚ್ಚಿದ್ದ ಪಟ್ಟಿಯ ತುಂಬ ಅವನದೇ ಕಾಲೇಜು ದಿನಗಳ ಹಾಡುಗಳಿದ್ದವು. ಹಿರಿಯರಿಗೆ ರಾಗ ಪರಿಚಿತ, ಸಾಹಿತ್ಯ ಅರ್ಧ ಮಾತ್ರ. ಗೊತ್ತಿಲ್ಲದ ಸಾಲಿಗೆ ಅವಸರದಿಂದ ದನಿಗೂಡಿಸಲು ಹೋಗಿ ಉಸಿರಿನ ಲೆಕ್ಕ ತಪ್ಪಿತ್ತು.

ಹೊಸ ಪಟ್ಟಿಗೆ ಬೆನ್ನೆಲುಬಾದವರು ಪಿ.ಬಿ. ಶ್ರೀನಿವಾಸ್. ಅವರ ದನಿ ಮಂದ್ರದತ್ತ ವಾಲಿದ್ದು, ಒತ್ತಿ ಹಾಡುವ ಕ್ರಮವಿಲ್ಲ. ಮಾತನಾಡುವ ದನಿಗೆ ಹತ್ತಿರವಾದ ಆ ಹಾಡುಗಳನ್ನು ತಂದೆ ಹಾಗೆಯೇ ಹಾಡಬಹುದು. ದನಿ ತಗ್ಗಿದ ತಾಯಿಯೂ ಮೇಲಿನ ಸ್ಥಾಯಿಗೆ ಏರದೆ ಅದೇ ಎತ್ತರದಲ್ಲಿ ಸೇರಿಕೊಳ್ಳಬಹುದು. 'ಬಂಗಾರದ ಮನುಷ್ಯ'ದ ನಗುನಗುವ ಹಾಡಿಗೆ ಸಾಲು ಚಿಕ್ಕದು, ಲಯ ಚುರುಕು. ಅದೇ ಚಿತ್ರದಲ್ಲಿ ಅವರು ಪಿ. ಸುಶೀಲಾ ಅವರೊಂದಿಗೆ ಹಾಡಿದ ಮೈಸೂರು ಮಲ್ಲಿಗೆಯ ಯುಗಳಗೀತೆ, 'ಎರಡು ಕನಸು' ಚಿತ್ರದಲ್ಲಿ ವಾಣಿ ಜಯರಾಂ ಅವರೊಂದಿಗಿನ ಮರೆಯಲಾರೆನೆಂಬ ಗೀತೆ ಇವುಗಳನ್ನೂ ಸೇರಿಸಿದೆವು. ಯುಗಳಗೀತೆಗಳಲ್ಲಿ ಗಂಡನ ಸರದಿಯಲ್ಲಿ ಹೆಂಡತಿಗೆ, ಹೆಂಡತಿಯ ಸರದಿಯಲ್ಲಿ ಗಂಡನಿಗೆ ವಿಶ್ರಾಂತಿ ತಾನಾಗಿ ದೊರೆಯುತ್ತದೆ. ಐವತ್ತು ವರ್ಷ ಸಂಸಾರ ಮಾಡಿದವರು ಸರದಿ ತಪ್ಪದೆ ಹಾಡುವುದನ್ನು ಕೇಳುವುದೇ ಒಂದು ಸೊಗಸು ಬಿಡಿ. 'ಗಂಧದ ಗುಡಿ'ಯ ಕನ್ನಡ ನುಡಿಯ ಹಾಡಂತೂ ಇಬ್ಬರಿಗೂ ಮೊಮ್ಮಗನಿಗೂ ಸೇರಿ ಹಾಡಲು ಹೊಂದಿತು.

ಕೆಲವು ಹಾಡುಗಳನ್ನು 'ಕೇಳುವ ಹಾಡು' ಎಂದು ಬೇರೆ ಮಾಡಿದೆವು. 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿಯವರು ಹಾಡಿದ ನಾದದೇವತೆಯ ಸ್ತುತಿ, 'ಗೆಜ್ಜೆಪೂಜೆ'ಯ ಜಾನಕಿಯವರ ಗಗನದ ಹಾಡು, ಬೇಂದ್ರೆಯವರ ಕವಿತೆಯನ್ನು ಅಳವಡಿಸಿಕೊಂಡ 'ಕುಲವಧು' ಚಿತ್ರದ ಯುಗಾದಿಯ ಹಾಡು ಇವು ಆ ಗುಂಪಿನವು. ತಾಯಿ ಯುಗಾದಿಯ ಹಾಡನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಹಾಡಿನ ವೇಗವನ್ನು ಬದಲಿಸದೆ ಶ್ರುತಿಯನ್ನು ಮಾತ್ರ ಇಳಿಸುವ ಸೌಕರ್ಯ ಕೆಲವು ಮೊಬೈಲ್ ಆ್ಯಪ್‌ಗಳಲ್ಲಿದೆ. ಅದರಿಂದ ನಾಲ್ಕು ಮನೆ ಇಳಿಸಿಕೊಟ್ಟಾಗ ಅವರು ಸಲೀಸಾಗಿ ಹಾಡಿದರು. ಜಾನಕಿಯವರ ದನಿ ಆಗ ಸ್ವಲ್ಪ ದಪ್ಪವಾಗಿ ಕೇಳುತ್ತದೆ. ರಸಿಕರಿಗೆ ಅದು ಅಪಚಾರವೆನಿಸೀತು, ಕಂಠಕ್ಕೆ ಉಪಚಾರವೇ.

'ಕಸ್ತೂರಿ ನಿವಾಸ'ದ ಗೊಂಬೆಯ ಹಾಡಿನ ವಿಷಯದಲ್ಲಿ ಮಾತ್ರ ಚರ್ಚೆಯಾಯಿತು. ಶ್ರುತಿಯ ದೃಷ್ಟಿಯಿಂದ ಅದು ತಂದೆಗೆ ಹೇಳಿ ಮಾಡಿಸಿದಂತಿದೆ, ಆದರೆ ಎರಡನೆಯ ಚರಣಕ್ಕೆ ಅವರ ಕಣ್ಣು ತುಂಬಿ ಗಂಟಲು ಬಿಗಿಯುತ್ತದೆ. ಬಿಗಿದ ಗಂಟಲಿನಿಂದ ಮುಂದಿನ ಹಾಡನ್ನು ಎತ್ತಿಕೊಂಡರೆ ದನಿ ಒಡೆಯುತ್ತದೆ. ಅದನ್ನು ಪಟ್ಟಿಯಿಂದ ತೆಗೆಯುವುದು ಸರಿಯಲ್ಲವೆಂದು ನನಗೆ ತೋರಿತು. ಕಾರು ನಿಲ್ಲುವ ತಾಣಕ್ಕೆ ತುಸು ಮೊದಲು ಅದನ್ನು ಇಟ್ಟೆವು; ಹಾಡು ಮುಗಿಯುತ್ತಲೇ ಇಳಿದು, ನಾಲ್ಕು ಹೆಜ್ಜೆ ನಡೆದು, ಬೆಚ್ಚಗಿನ ನೀರು ಕುಡಿದು ಬರುವಷ್ಟರಲ್ಲಿ ಮನಸ್ಸೂ ಕಂಠವೂ ಸಡಿಲಗೊಂಡಿರುತ್ತವೆ.

ಬೆಂಗಳೂರಿನಿಂದ ತುಮಕೂರು, ಹಿರಿಯೂರು, ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದ ಮಾರ್ಗವಾಗಿ ಕೂಡಲಸಂಗಮಕ್ಕೆ ಸುಮಾರು 450 ಕಿಲೋಮೀಟರು. ಒಂದೂವರೆ ಗಂಟೆಗೊಮ್ಮೆ ನಿಲ್ಲುವಂತೆ ತಾಣಗಳನ್ನು ಮೊದಲೇ ಗುರುತಿಸಿದೆವು. ಹಿರಿಯರು ದಾರಿಯಲ್ಲಿ ನೀರು ಕುಡಿಯದಿರುವುದಕ್ಕೆ ಕಾರಣ ಬಾಯಾರಿಕೆ ಇಲ್ಲದಿರುವುದಲ್ಲ. ಶೌಚಾಲಯ ಎಲ್ಲಿ ಸಿಕ್ಕೀತೋ, ಮಗನಿಗೆ ಎಷ್ಟು ಸಲ ನಿಲ್ಲಿಸೆನ್ನಲಿ ಎಂಬ ಸಂಕೋಚ. ನೀರಿಲ್ಲದೆ ಹಾಡಿದ ಕಂಠ ಒಣಗುತ್ತದೆ, ತಡೆದ ಮೂತ್ರದಿಂದ ಕಿಬ್ಬೊಟ್ಟೆ ಬಿಗಿದು ಉಸಿರು ಮೇಲುಮೇಲಕ್ಕೆ ಆಡುತ್ತದೆ. ವೇಗಗಳನ್ನು ತಡೆಯಬಾರದೆಂಬುದಕ್ಕೆ ಚರಕಾಚಾರ್ಯರು ಸೂತ್ರಸ್ಥಾನದ 7ನೆಯ ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಎಲ್ಲಿ ನಿಲ್ಲುತ್ತೇವೆಂದು ಹೊರಡುವಾಗಲೇ ಹೇಳಿಬಿಟ್ಟರೆ ಅವರು ಧೈರ್ಯವಾಗಿ ನೀರು ಕುಡಿಯುತ್ತಾರೆ. ಫ್ಲಾಸ್ಕಿನಲ್ಲಿ ಜೀರಿಗೆ ಹಾಕಿ ಕುದಿಸಿದ ಬೆಚ್ಚನೆಯ ನೀರಿರಲಿ. ಎರಡು ಹಾಡಿಗೊಮ್ಮೆ ಎರಡು ಗುಟುಕು ಸಾಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ನೀರಿನ ಮಿತಿ ಹೇಳಿಸಿಕೊಂಡವರು ಅದನ್ನು ಮೀರಬಾರದು. ಮೂತ್ರದ ಮಾತ್ರೆಯನ್ನು ತಾವಾಗಿ ಬಿಡುವುದೂ ಸಲ್ಲದು. ಪಯಣದ ದಿನ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಕೊಟ್ಟ ವೈದ್ಯರನ್ನೇ ಕೇಳಬೇಕು.

ಗಂಟಲಿಗೆಂದು ಜ್ಯೇಷ್ಠಮಧುವಿನ ತುಂಡನ್ನು ಬಾಯಲ್ಲಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು, ಕಂಠಕ್ಕೆ ಅದು ಒಳ್ಳೆಯ ದ್ರವ್ಯವೂ ಹೌದು. ಆದರೆ ರಕ್ತದೊತ್ತಡವಿರುವವರಿಗೆ, ವಿಶೇಷವಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೆ ಅದು ಸಲ್ಲದು. ಒತ್ತಡವನ್ನು ಏರಿಸಿ, ರಕ್ತದಲ್ಲಿನ ಪೊಟ್ಯಾಸಿಯಂ ಅಂಶವನ್ನು ಇಳಿಸುತ್ತದೆ. ಆ ತಂದೆಗೆ ನಾನು ಅದನ್ನು ನಿಷೇಧಿಸಿದೆ. ಅದಕ್ಕೆ ಬದಲಾಗಿ ಹೊರಡುವ ದಿನ ಬೆಳಿಗ್ಗೆ ಒಂದು ಚಮಚ ಎಳ್ಳೆಣ್ಣೆಯನ್ನು ಬಾಯಲ್ಲಿ ಎರಡು ನಿಮಿಷ ಆಡಿಸಿ ಉಗುಳಿ, ಬೆಚ್ಚನೆಯ ನೀರಿನಿಂದ ಮುಕ್ಕಳಿಸಲು ಹೇಳಿದೆ. ಇನ್ನೊಂದು ಎಚ್ಚರಿಕೆ. ಹಾಡುವಾಗ ಬಾಯಲ್ಲಿ ಅಡಿಕೆ, ಲವಂಗ, ಕಲ್ಲುಸಕ್ಕರೆ, ಕಡಲೆ, ಚುರುಮುರಿ ಯಾವುದೂ ಇರಕೂಡದು. ಸಾಲಿನ ಕೊನೆಗೆ ಥಟ್ಟನೆ ಎಳೆದುಕೊಳ್ಳುವ ಉಸಿರಿನೊಂದಿಗೆ ಅದು ಶ್ವಾಸನಾಳಕ್ಕೆ ಜಾರಬಹುದು. ವೃದ್ಧರಲ್ಲಿ ನುಂಗುವ ಸ್ನಾಯುಗಳು ನಿಧಾನವಾಗಿರುವುದರಿಂದ ಈ ಅಪಾಯ ಹೆಚ್ಚು. ತಿನ್ನುವ ಹೊತ್ತು ಬೇರೆ, ಹಾಡುವ ಹೊತ್ತು ಬೇರೆ ಇರಲಿ.

ಕಾರಿನೊಳಗಿನ ಏರ್ಪಾಡೂ ಸರಿಯಿರಬೇಕು. ಎಸಿಯ ಗಾಳಿ ಮುಖಕ್ಕೆ ಬೀಸದಂತೆ ಅದರ ಬಾಯಿಯನ್ನು ಮೇಲಕ್ಕೆ ತಿರುಗಿಸಬೇಕು. ಕಿಟಕಿ ತೆರೆದರೆ ಧೂಳಿನ ಜೊತೆಗೆ ರಸ್ತೆಯ ಸದ್ದೂ ನುಗ್ಗಿ, ಅದನ್ನು ಮೀರಿಸಲು ಹಿರಿಯರು ಕೂಗಿ ಹಾಡುತ್ತಾರೆ. ಹಾಡಿನ ಸದ್ದು ಅವರಿಗೆ ತಮ್ಮ ದನಿ ತಮಗೇ ಕೇಳುವಷ್ಟು ತಗ್ಗಾಗಿರಬೇಕು. ಇಳಿವಯಸ್ಸಿನ ಕಿವಿಗೆ ಮೊದಲು ಮಂಕಾಗುವುದು ತೀಕ್ಷ್ಣ ಸ್ವರಗಳು. ಸಾಹಿತ್ಯದ ಅಕ್ಷರಗಳ ಸ್ಪಷ್ಟತೆ ಇರುವುದು ಅವುಗಳಲ್ಲಿಯೇ. ಕೇಳಿಸುವುದಿಲ್ಲವೆಂದು ಅವರು ಹೇಳಿದಾಗ ಒಟ್ಟು ಸದ್ದನ್ನು ಏರಿಸುವ ಬದಲು ಬೇಸ್ ತಗ್ಗಿಸಿ ಟ್ರೆಬಲ್ ಹೆಚ್ಚಿಸಿದರೆ ಮಾತು ತಿಳಿಯುತ್ತದೆ.

ಒಂದು ಸರದಿಗೆ ನಾಲ್ಕು ಹಾಡು, ಅಂದರೆ ಕಾಲು ಗಂಟೆ. ಅನಂತರ ಅರ್ಧ ಗಂಟೆ ಹಾಡಿಲ್ಲದ ಮಾತುಕತೆ ಅಥವಾ ಕೇಳುವ ಹಾಡು. ಇದು ನಾವು ಗೊತ್ತುಮಾಡಿಕೊಂಡ ಕ್ರಮ. ಹಾಡುವಾಗ ಪಾದಗಳಿಂದ ತಾಳ ಹಾಕಲು ಹೇಳಿದೆ: ಒಂದು ಪೆಟ್ಟಿಗೆ ಹಿಮ್ಮಡಿ ಊರಿ ಬೆರಳು ಎತ್ತುವುದು, ಮುಂದಿನ ಪೆಟ್ಟಿಗೆ ಬೆರಳು ಊರಿ ಹಿಮ್ಮಡಿ ಎತ್ತುವುದು. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕುಳಿತಾಗ ಮೀನಖಂಡದಲ್ಲಿ ರಕ್ತ ನಿಂತು ಬಾವು ಬರುವುದನ್ನು, ಹೆಪ್ಪುಗಟ್ಟುವುದನ್ನು ತಡೆಯಲು ಇದು ನೆರವಾಗುತ್ತದೆ. ವ್ಯಾಯಾಮವೆಂದು ಹೇಳಿದರೆ ಐದು ನಿಮಿಷಕ್ಕೆ ಬೇಸರಿಸುವ ಹಿರಿಯರು ತಾಳವೆಂದರೆ ಹಾಡು ಮುಗಿಯುವವರೆಗೂ ಮಾಡುತ್ತಾರೆ. ಮಾತಿನ ನಡುವೆ ಗಂಟಲು ಸರಿಪಡಿಸಿಕೊಳ್ಳುವುದು, ಪದದ ಮಧ್ಯದಲ್ಲೇ ಉಸಿರು ತೆಗೆದುಕೊಳ್ಳುವುದು, ಪದೇಪದೇ ಆಕಳಿಕೆ, ತಲೆ ಹಗುರವಾದಂತಾಗುವುದು ಇವುಗಳಲ್ಲಿ ಒಂದು ಕಂಡರೂ ಆ ಸರದಿ ಅಲ್ಲಿಗೆ ನಿಲ್ಲಬೇಕು. ತಾಯಿಯ ಉಬ್ಬಸದ ಇನ್‌ಹೇಲರ್ ಡಿಕ್ಕಿಯ ಚೀಲದಲ್ಲಿರದೆ ಕೈಗೆಟಕುವಲ್ಲಿರಬೇಕೆಂದೂ ಹೇಳಿದೆ.

ಚಾಲಕನ ಹಿತವನ್ನು ಮರೆಯುವಂತಿಲ್ಲ. ಪಟ್ಟಿಯನ್ನು ಹಿಂದಿನ ರಾತ್ರಿಯೇ ಅನುಕ್ರಮವಾಗಿ ಜೋಡಿಸಿಟ್ಟು, ದಾರಿಯಲ್ಲಿ ಮೊಬೈಲನ್ನು ಹಿಂದೆ ಕುಳಿತ ಸೊಸೆಯ ಕೈಗೆ ಕೊಡಲಾಯಿತು. 'ನಾಂದಿ' ಚಿತ್ರದ ಲಾಲಿಯನ್ನು ಮಧ್ಯಾಹ್ನದ ಊಟದ ನಂತರಕ್ಕೆ ಯಾರೂ ಇಡಬಾರದು. ಹಿರಿಯರು ನಿದ್ರಿಸಿದರೆ ಒಳ್ಳೆಯದೇ, ಜೊತೆಗೆ ಚಾಲಕನ ಕಣ್ಣೂ ಎಳೆಯುತ್ತದೆ. ಶ್ರವಣದೋಷವುಳ್ಳವರ ಬದುಕನ್ನು ಕುರಿತ ಆ ಚಿತ್ರಕ್ಕೆ ಅಷ್ಟು ಮಧುರವಾದ ಲಾಲಿ ಒದಗಿದ್ದು ಒಂದು ವಿಶೇಷವೇ ಸರಿ.

ಎರಡನೆಯ ಪಯಣ ಹೀಗೆ ಸಾಗಿತೆಂದು ಮಗ ಬಂದು ವಿವರಿಸಿದ. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಆರಕ್ಕೆ ಹೊರಟರು. ತುಮಕೂರಿನವರೆಗೆ ಹಾಡಲಿಲ್ಲ, ಕೇಳಿದರು. ಬೆಳಗಿನ ಕಂಠ ಕಫದಿಂದ ಭಾರವಾಗಿರುವುದರಿಂದ ಮೊದಲ ಗಂಟೆ ಹಾಗಿರಲೆಂದು ನಾನೇ ಹೇಳಿದ್ದೆ. ಅಲ್ಲಿ ಇಡ್ಲಿ ತಿಂದು ಮೊದಲ ಸರದಿ. ಚಿತ್ರದುರ್ಗದ ಕೋಟೆ ಕಾಣುತ್ತಲೇ 'ನಾಗರಹಾವು' ಚಿತ್ರದ ಓಬವ್ವನ ಹಾಡು. ಅದು ದೀರ್ಘವೂ ಆವೇಶದ್ದೂ ಆದ ಹಾಡಾದ್ದರಿಂದ ಕಥೆಯ ಭಾಗವನ್ನು ತಂದೆ ಕೇಳಿ, ಪಲ್ಲವಿಗೆ ಮಾತ್ರ ದನಿಗೂಡಿಸಿದರು. ಹೊಸಪೇಟೆಯಲ್ಲಿ ಊಟ, ಕುಷ್ಟಗಿಯವರೆಗೆ ಮೌನ, ಇಬ್ಬರಿಗೂ ಜೊಂಪು. ಇಳಕಲ್ ಸಮೀಪಿಸಿದಾಗ ತಂದೆ ತಾವಾಗಿ 'ಸತ್ಯ ಹರಿಶ್ಚಂದ್ರ' ಚಿತ್ರದಲ್ಲಿ ಘಂಟಸಾಲ ಹಾಡಿದ, ಕುಲದ ಮೇಲುಕೀಳನ್ನು ಪ್ರಶ್ನಿಸುವ ಹಾಡನ್ನು ಧ್ವನಿಮುದ್ರಣವಿಲ್ಲದೆಯೇ ತಮ್ಮ ಶ್ರುತಿಯಲ್ಲಿ ಎತ್ತಿಕೊಂಡರಂತೆ. ಸಂಜೆ ಸಂಗಮದಲ್ಲಿ ತಾಯಿ ವಚನ ಹೇಳಿದರು.

ಆ ರಾತ್ರಿ ಇಬ್ಬರಿಗೂ ಅರಿಶಿನ ಹಾಕಿದ ಬಿಸಿ ಹಾಲು, ಮರುದಿನ ಮಧ್ಯಾಹ್ನದವರೆಗೆ ಕಂಠಕ್ಕೆ ವಿಶ್ರಾಂತಿ. ಪಿಸುಮಾತೂ ಬೇಡವೆಂದು ಹೇಳಿದ್ದೆ. ಪಿಸುಗುಟ್ಟುವಾಗ ಸ್ವರತಂತುಗಳು ಇನ್ನಷ್ಟು ಬಿಗಿಯುತ್ತವೆ. ಹಾಡಿದ್ದರಿಂದ ಒಡೆದ ದನಿ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಸರಿಹೋಗುತ್ತದೆ. ಮೂರು ವಾರ ಕಳೆದರೂ ಗೊಗ್ಗರು ದನಿ ಉಳಿದರೆ, ನುಂಗುವಾಗ ನೋವಿದ್ದರೆ, ಕಫದಲ್ಲಿ ರಕ್ತ ಕಂಡರೆ, ವಿಶೇಷವಾಗಿ ತಂಬಾಕಿನ ಅಭ್ಯಾಸವಿದ್ದವರಲ್ಲಿ, ಅದನ್ನು ಹಾಡಿನ ಮೇಲೆ ಹೊರಿಸಿ ಕಷಾಯ ಕುಡಿಯುತ್ತ ಕೂರದೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಸ್ವರಪೆಟ್ಟಿಗೆಯನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಪಯಣದ ನಂತರ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಅಥವಾ ಹಠಾತ್ತನೆ ಉಸಿರು ಕಟ್ಟಿದಂತಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.